ಬಿಲ್ ಮೊತ್ತಕ್ಕಿಂತ ಕಡಿಮೆ ಹಣ ಬಂದಾಗ: ರೆಮಿಟೆನ್ಸ್ ಅಡ್ವೈಸನ್ನು ಸಾಲು ಸಾಲಾಗಿ ಬಿಡಿಸುವುದು

ಪ್ರಶ್ನೆ: ನಾವು ಯಂತ್ರದ ಬಿಡಿಭಾಗ ತಯಾರಿಸಿ ಒಂದು ದೊಡ್ಡ ಕಂಪನಿಗೆ ಕೊಡುತ್ತೇವೆ. ಬಿಲ್ ತಾರೀಖಿನಿಂದ 30 ದಿನಕ್ಕೆ ಪೂರ್ತಿ ಹಣ, 10 ದಿನದೊಳಗೆ ಕೊಟ್ಟರೆ 2% ರಿಯಾಯಿತಿ ಎಂದು ಕರಾರು. ನಾಲ್ಕು ಬಿಲ್ ಸೇರಿ 4,24,200 ಬರಬೇಕಿತ್ತು. 27ನೇ ತಾರೀಖು ಬ್ಯಾಂಕಿಗೆ ಬಂದದ್ದು 3,88,232. ಜೊತೆಗೆ ಯಾವ ಬಿಲ್‌ಗೆ ಎಷ್ಟು ಕೊಟ್ಟಿದ್ದಾರೆ, ಎಷ್ಟು ಕಡಿದಿದ್ದಾರೆ ಎಂದು ತಿಳಿಸುವ 24ನೇ ತಾರೀಖಿನ ಈ ರೆಮಿಟೆನ್ಸ್ ಅಡ್ವೈಸ್ ಪತ್ರ:

ಬಿಲ್ 2041, 3ನೇ ತಾರೀಖು, 500 ನಗ, ದರ 240: ಮೊತ್ತ 1,20,000, ಕಡಿತ 4,800 (ಕಡಿಮೆ ಸ್ವೀಕೃತಿ)
ಬಿಲ್ 2044, 9ನೇ ತಾರೀಖು, ಅದೇ ಭಾಗ 360 ನಗ, ದರ 240: ಮೊತ್ತ 86,400, ಕಡಿತ 4,320 (ದರ ವ್ಯತ್ಯಾಸ)
ಬಿಲ್ 2047, 14ನೇ ತಾರೀಖು, ಬೇರೆ ಭಾಗ: ಮೊತ್ತ 1,53,000, ಕಡಿತ 3,060 (ರಿಯಾಯಿತಿ)
ಬಿಲ್ 2052, 21ನೇ ತಾರೀಖು, ಮೊದಲಿನ ಭಾಗ 270 ನಗ, ದರ 240: ಮೊತ್ತ 64,800, ಕಡಿತ 1,296 (ರಿಯಾಯಿತಿ)
ನಿಮ್ಮ ಕ್ರೆಡಿಟ್ ನೋಟ್ ಸಿಎನ್-77: ಕಡಿತ 9,000
ನಮ್ಮ ಡೆಬಿಟ್ ನೋಟ್ ಡಿಎನ್-318: ಕಡಿತ 9,000
ಮೂಲದಲ್ಲಿ ಕಡಿತವಾದ ತೆರಿಗೆ 1%: 4,242
ನಿವ್ವಳ ಪಾವತಿ: 3,88,482

ಬಂದ ಹಣವನ್ನು ಹಳೆಯ ಬಿಲ್‌ನಿಂದ ಶುರುಮಾಡಿ ಒಂದೊಂದಕ್ಕೆ ಜಮಾ ಹಾಕಿಕೊಂಡು ಹೋಗಲೇ? ಈ ಕಡಿತಗಳಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಕೇಳಬೇಕು?

ಉತ್ತರ: ಹಳೆಯ ಬಿಲ್‌ನಿಂದ ಶುರುಮಾಡಬೇಡಿ. ಹಾಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಅಂಕಿಗಳಲ್ಲೇ ನೋಡಬಹುದು. 3,88,232ರಲ್ಲಿ 2041, 2044, 2047 ಮೂರೂ ಪೂರ್ತಿ ತೀರುತ್ತವೆ. ಉಳಿದ 28,832 ನಾಲ್ಕನೆಯ ಬಿಲ್‌ಗೆ ಹೋಗುತ್ತದೆ, 2052ರಲ್ಲಿ 35,968 ಬಾಕಿ ಎಂದು ಲೆಡ್ಜರ್ ತೋರಿಸುತ್ತದೆ. ತಮಾಷೆಯೆಂದರೆ, ನಾಲ್ಕರಲ್ಲಿ ಯಾವ ತಕರಾರೂ ಇಲ್ಲದ ಬಿಲ್ ಅದೊಂದೇ. ಮುಂದಿನ ತಿಂಗಳು ನಿಮ್ಮವರು 2052ರ ಬಾಕಿ ಕೊಡಿ ಎಂದು ಫೋನ್ ಮಾಡುತ್ತಾರೆ. ಅವರ ಲೆಕ್ಕ ವಿಭಾಗದವರು ಪರದೆ ನೋಡಿ, ‘2052 ಇತ್ಯರ್ಥವಾಗಿದೆ, ಅಡ್ವೈಸ್ ಕಳಿಸಿದ್ದೇವಲ್ಲ’ ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಪುಸ್ತಕದ ಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತಾರೆ. ಆದರೆ ಎಣಿಕೆಯಲ್ಲಿ ಹೋದ 4,800, ದರದಲ್ಲಿ ಹೋದ 4,320 ಎಂಬ ಹೆಸರುಗಳು ನಿಮ್ಮ ಪುಸ್ತಕದಿಂದ ಅಳಿಸಿಹೋಗಿರುತ್ತವೆ. ಹೆಸರಿಲ್ಲದ ಬಾಕಿಯನ್ನು ವಸೂಲು ಮಾಡುವುದು ಕಷ್ಟ.

ಕೊಡುವವರು ಯಾವ ಬಾಕಿಗೆ ಎಂದು ಹೇಳಿ ಕೊಟ್ಟರೆ ಹಣ ಆ ಬಾಕಿಗೇ ಸಲ್ಲಬೇಕು ಎಂಬುದು ವ್ಯಾಪಾರದಲ್ಲಿ ಬಹುತೇಕ ಎಲ್ಲೆಡೆ ಒಪ್ಪಿರುವ ಮಾತು. ಅಂತರರಾಷ್ಟ್ರೀಯ ವಾಣಿಜ್ಯ ಒಪ್ಪಂದಗಳಿಗಾಗಿ ಯೂನಿಡ್ರಾ ಸಂಸ್ಥೆ ರೂಪಿಸಿದ ತತ್ವಗಳ 6.1.12ನೇ ವಿಧಿಯೂ ಇದನ್ನೇ ಹೇಳುತ್ತದೆ. ಹಾಗಾಗಿ ಹಣ ಯಾವ ಬಿಲ್‌ಗೆ ಎಂಬ ವಿಷಯದಲ್ಲಿ ಪತ್ರ ಹೇಳಿದಂತೆ ನಡೆಯಿರಿ. ಕಡಿತ ಸರಿಯೇ ಎಂಬ ವಿಷಯದಲ್ಲಿ ಮಾತ್ರ ಪತ್ರದ ಮಾತು ಕೊನೆಯ ಮಾತಲ್ಲ, ಅದು ಖರೀದಿದಾರರ ಒಂದು ವಾದ ಅಷ್ಟೆ. ಈ ಎರಡನ್ನೂ ಕಲಸದಿದ್ದರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲು ಎರಡು ಕೂಡಿಕೆ

ಯಾವ ಸಾಲನ್ನೂ ವಾದಕ್ಕೆ ಎತ್ತಿಕೊಳ್ಳುವ ಮೊದಲು ಎರಡು ಲೆಕ್ಕ ಮಾಡಿ. ಮೊದಲನೆಯದು, ಪತ್ರ ತನ್ನೊಳಗೇ ಕೂಡುತ್ತದೆಯೇ? ಬಿಲ್‌ಗಳ ಮೊತ್ತ 4,24,200, ಕಡಿತಗಳೆಲ್ಲ ಸೇರಿ 35,718, ಕಳೆದರೆ 3,88,482. ಪತ್ರದ ಕೊನೆಯ ಸಾಲೂ ಅಷ್ಟೇ ಇದೆ, ಸರಿ. ಕೂಡದಿದ್ದರೆ ಸಾಮಾನ್ಯವಾಗಿ ಪತ್ರದ ಎರಡನೆಯ ಪುಟ ಬಿಟ್ಟುಹೋಗಿರುತ್ತದೆ, ಇಲ್ಲವೇ ಹಿಂದಿನ ಪಾವತಿಯಲ್ಲಿ ಉಳಿದ ಒಂದು ಸಾಲು ಮೊತ್ತದಲ್ಲಿ ಸೇರಿ ಪಟ್ಟಿಯಲ್ಲಿ ಬಿಟ್ಟುಹೋಗಿರುತ್ತದೆ. ಅಂಥ ಪತ್ರವನ್ನು ಇಟ್ಟುಕೊಂಡು ಮುಂದೆ ಹೋಗದೆ ಪೂರ್ತಿ ಪ್ರತಿ ತರಿಸಿಕೊಳ್ಳಿ.

ಎರಡನೆಯದು, ಪತ್ರದ ನಿವ್ವಳವೂ ಬ್ಯಾಂಕಿಗೆ ಬಂದದ್ದೂ ಒಂದೇ ಆಗಿವೆಯೇ? ನಿಮ್ಮಲ್ಲಿ 250ರ ವ್ಯತ್ಯಾಸ ಇದೆ. ಇದು ಪತ್ರದಲ್ಲಿಲ್ಲ, ಅಂದರೆ ಖರೀದಿದಾರರು ಕಡಿದದ್ದಲ್ಲ, ದಾರಿಯಲ್ಲಿ ಹೋದದ್ದು. ಹಣ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳನ್ನು ದಾಟಿ ಬರುವಾಗ ನಡುವಿನ ಬ್ಯಾಂಕು ತನ್ನ ಶುಲ್ಕವನ್ನು ಅದೇ ಹಣದಿಂದ ಹಿಡಿದುಕೊಳ್ಳುವುದುಂಟು. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಬಂದ ಪಾವತಿಯಾದರೆ ನಿಮ್ಮ ಬ್ಯಾಂಕಿನಿಂದ ಆ ಸಂದೇಶದ ಪ್ರತಿ ಕೇಳಿ, `ChrgBr` ಎಂಬ ಸಾಲು ನೋಡಿ, ಹಳೆಯ ಎಂಟಿ103 ನಮೂನೆಯಲ್ಲಿ ಅದು `71A`. ಅಲ್ಲಿ `DEBT` ಅಥವಾ `OUR` ಎಂದಿದ್ದರೆ ಶುಲ್ಕವೆಲ್ಲ ಕಳಿಸಿದವರದು, `SHAR` ಅಥವಾ `SHA` ಎಂದಿದ್ದರೆ ಹಂಚಿಕೆ, `CRED` ಅಥವಾ `BEN` ಎಂದಿದ್ದರೆ ಎಲ್ಲವೂ ನಿಮ್ಮದು. ಕರಾರಿನಲ್ಲಿ ಶುಲ್ಕ ಖರೀದಿದಾರರದು ಎಂದಿದ್ದು ಸಂದೇಶದಲ್ಲಿ `SHAR` ಅಥವಾ `SHA` ಬಂದಿದ್ದರೆ ಮುಂದಿನ ಸಲದಿಂದ ಬದಲಿಸಲು ಒಂದು ಸಾಲು ಬರೆಯಿರಿ. ಈ 250ನ್ನು ಬೆನ್ನಟ್ಟಬೇಡಿ, ಬ್ಯಾಂಕ್ ಶುಲ್ಕದ ಖಾತೆಗೆ ಹಾಕಿ ಬಿಡಿ. ಆದರೆ ಅದನ್ನು ಬಿಲ್ ಬಾಕಿಯಲ್ಲಿ ಉಳಿಸಿಕೊಳ್ಳಬೇಡಿ. ಇಂಥ ಚಿಲ್ಲರೆ ಉಳಿಕೆಗಳು ಹತ್ತಾರು ಸೇರಿದ ಮೇಲೆ ನಿಜವಾದ ತಕರಾರು ಯಾವುದು, ಚೂರು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಪತ್ರ ಹಣದ ಜೊತೆಯಲ್ಲೇ ಯಾಕೆ ಬರುವುದಿಲ್ಲ ಎಂದು ಹಲವರು ಕೇಳುತ್ತಾರೆ. ಜಾಗವಿರಲಿಲ್ಲ, ಅದಕ್ಕೆ. ಸ್ವಿಫ್ಟ್‌ನ ಹಳೆಯ ಎಂಟಿ103 ಸಂದೇಶದಲ್ಲಿ ವಿವರ ಬರೆಯಲು 35 ಅಕ್ಷರಗಳ ನಾಲ್ಕು ಸಾಲು, ಒಟ್ಟು 140 ಅಕ್ಷರ ಮಾತ್ರ ಇತ್ತು. ನಾಲ್ಕು ಬಿಲ್, ಏಳು ಕಡಿತ ಅದರಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಣ ಒಂದು ದಾರಿ, ಪತ್ರ ಇನ್ನೊಂದು ದಾರಿ ಎಂಬ ರೂಢಿ ಬಂತು. ಪತ್ರ ಬಂದ ಮಾತ್ರಕ್ಕೆ ಹಣ ಬಂದಂತಲ್ಲ ಎಂಬುದೂ ಇದರಿಂದಲೇ. ಪತ್ರ ನೋಡಿ ಮುಂದಿನ ಸರಕು ಬಿಡುವ ಅಭ್ಯಾಸ ಇದ್ದರೆ ನಿಲ್ಲಿಸಿ, ಬ್ಯಾಂಕಿನ ಜಮಾ ನೋಡಿ ಬಿಡಿ.

ಕಡಿತ ಹುಟ್ಟುವುದು ಎಲ್ಲಿ

ದೊಡ್ಡ ಕಂಪನಿಗಳಲ್ಲಿ ಬಿಲ್ ಪಾವತಿಗೆ ಹೋಗುವ ಮೊದಲು ಮೂರು ಕಾಗದಗಳನ್ನು ತಾಳೆ ನೋಡುತ್ತಾರೆ: ಪರ್ಚೇಸ್ ಆರ್ಡರ್, ಅವರ ಉಗ್ರಾಣದವರು ಬರೆದ ಸರಕು ಸ್ವೀಕೃತಿ ಪತ್ರ ಅಂದರೆ ಜಿಆರ್‌ಎನ್, ಮತ್ತು ನಿಮ್ಮ ಬಿಲ್. ನಗ ಜಿಆರ್‌ಎನ್‌ಗಿಂತ ಹೆಚ್ಚಿದ್ದರೆ ಹೆಚ್ಚಿನದಕ್ಕೆ ಹಣವಿಲ್ಲ, ದರ ಆರ್ಡರ್‌ಗಿಂತ ಹೆಚ್ಚಿದ್ದರೆ ಆ ವ್ಯತ್ಯಾಸಕ್ಕೆ ಹಣವಿಲ್ಲ. ಇದನ್ನು ಬಹಳ ಕಡೆ ತಂತ್ರಾಂಶವೇ ಮಾಡುತ್ತದೆ. ಪತ್ರಕ್ಕೆ ಸಹಿ ಹಾಕಿದವರಿಗೆ ಆ ಕಡಿತ ಯಾಕೆ ಬಂತೆಂದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಪಾವತಿ ವಿಭಾಗದ ಜೊತೆ ಜಗಳವಾಡಿ ಉಪಯೋಗವಿಲ್ಲ. ನಗದ ವಿಷಯ ತೀರ್ಮಾನವಾಗುವುದು ಉಗ್ರಾಣದಲ್ಲಿ, ದರದ ವಿಷಯ ಖರೀದಿ ವಿಭಾಗದಲ್ಲಿ. ಅವರು ಒಪ್ಪಿ ತಿದ್ದಿದರೆ ಪಾವತಿ ವಿಭಾಗ ತಾನಾಗಿ ಹಣ ಬಿಡುತ್ತದೆ.

2041: ಇಪ್ಪತ್ತು ನಗ ಎಲ್ಲಿ ಹೋಯಿತು

4,800ನ್ನು ದರ 240ರಿಂದ ಭಾಗಿಸಿ, 20 ನಗ ಬರುತ್ತದೆ. ಕಡಿತದ ಮೊತ್ತವನ್ನು ಹೀಗೆ ನಗಕ್ಕೆ ತಿರುಗಿಸುವುದು ಮೊದಲ ಕೆಲಸ, ಏಕೆಂದರೆ ನಗದ ಸಂಖ್ಯೆ ಕಥೆ ಹೇಳುತ್ತದೆ. ನೀವು ಆ ಭಾಗವನ್ನು ಒಂದು ಪೆಟ್ಟಿಗೆಗೆ 20ರಂತೆ ಕಟ್ಟುತ್ತೀರಿ ಎಂದಿಟ್ಟುಕೊಳ್ಳಿ. ಆಗ ಕಡಿಮೆ ಬಿದ್ದದ್ದು ಸರಿಯಾಗಿ ಒಂದು ಪೆಟ್ಟಿಗೆ. ಒಂದು ಪೆಟ್ಟಿಗೆ ಲಾರಿಯಲ್ಲೇ ಉಳಿದಿರಬೇಕು, ಬೇರೆಯವರ ಬಾಗಿಲಲ್ಲಿ ಇಳಿದಿರಬೇಕು, ಇಲ್ಲವೇ ಅವರ ಉಗ್ರಾಣದಲ್ಲಿ ಬೇರೆ ಜಿಆರ್‌ಎನ್‌ಗೆ ಸೇರಿರಬೇಕು. ಅದೇ 7 ಅಥವಾ 13 ನಗ ಕಡಿಮೆ ಎಂದಿದ್ದರೆ ಪೆಟ್ಟಿಗೆಯೊಳಗಿನ ಎಣಿಕೆ ತಪ್ಪಿರಬಹುದು, ಆಗ ನಿಮ್ಮ ಪ್ಯಾಕಿಂಗ್ ಮೇಜನ್ನೇ ಮೊದಲು ನೋಡಬೇಕು. ನಗದ ಲೆಕ್ಕದಲ್ಲಿ ಶೇಷ ಉಳಿದರೆ, ಅಂದರೆ 4,800ರ ಬದಲು 4,750 ಎಂದಿದ್ದರೆ, ಅದು ಕಡಿಮೆ ಸ್ವೀಕೃತಿಯೇ ಅಲ್ಲ, ಬೇರೆ ಯಾವುದೋ ಕಡಿತಕ್ಕೆ ತಪ್ಪು ಕಾರಣ ಬರೆದಿದ್ದಾರೆ ಎಂದು ಅನುಮಾನಿಸಿ.

ಈಗ ಡೆಲಿವರಿ ಚಲನ್ ತೆಗೆಯಿರಿ. ಅವರ ಸಹಿ, ಮೊಹರು, 500 ನಗ ಅಥವಾ 25 ಪೆಟ್ಟಿಗೆ ಎಂಬ ಸಂಖ್ಯೆ ಇದ್ದು, ಯಾವ ಷರಾ ಇಲ್ಲದಿದ್ದರೆ ನಿಮ್ಮ ಪಕ್ಷ ಗಟ್ಟಿ. ‘ಎಣಿಕೆಗೆ ಒಳಪಟ್ಟು’ ಎಂಬ ಷರಾ ಇದ್ದರೆ ಆ ಸಹಿಗೆ ಪೆಟ್ಟಿಗೆಗಳನ್ನು ಇಳಿಸಿಕೊಂಡೆವು ಎಂಬುದಕ್ಕಿಂತ ಹೆಚ್ಚಿನ ತೂಕ ಇರುವುದಿಲ್ಲ. ಅವರಿಂದ ಜಿಆರ್‌ಎನ್ ಪ್ರತಿ, ಅದರ ತಾರೀಖು ಕೇಳಿ. ಸರಕು ಇಳಿದ ದಿನವೇ ಎಣಿಸಿದ್ದರೋ ಹತ್ತು ದಿನ ಬಿಟ್ಟು ಎಣಿಸಿದ್ದರೋ ಎಂಬುದು ವಾದದಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಇಲ್ಲಿ ಒಂದು ನಷ್ಟ ಗೊತ್ತಾಗದೆ ಆಗಿಹೋಗುತ್ತದೆ. ಪೆಟ್ಟಿಗೆ ಸಾಗಣೆಯಲ್ಲಿ ಕಳೆದಿದ್ದರೆ ಸಾಗಣೆದಾರರಿಗೆ ಸೂಚನೆ ಕೊಡಲು ಸಿಗುವ ಅವಧಿ ಬಹಳ ಚಿಕ್ಕದು. ಹೊರಗಿನಿಂದ ಕಾಣದ ನಷ್ಟಕ್ಕೆ ಸಮುದ್ರ ಸಾಗಣೆಯ ಹೇಗ್-ವಿಸ್ಬಿ ನಿಯಮಗಳಲ್ಲಿ 3 ದಿನ, ದೇಶದೇಶಗಳ ನಡುವಿನ ರಸ್ತೆ ಸಾಗಣೆಯ ಸಿಎಂಆರ್ ಒಪ್ಪಂದದಲ್ಲಿ ರಜಾದಿನ ಬಿಟ್ಟು 7 ದಿನ. ಆ ಅವಧಿಯಲ್ಲಿ ಸೂಚನೆ ಹೋಗದಿದ್ದರೆ ಸರಕು ಸರಿಯಾಗಿಯೇ ತಲುಪಿತೆಂದು ಮೊದಲ ನೋಟಕ್ಕೆ ಭಾವಿಸಲಾಗುತ್ತದೆ, ತಲುಪಲಿಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಕಡೆಯವರ ಮೇಲೆ ಬೀಳುತ್ತದೆ. ನಿಮಗೆ ಈ ಕೊರತೆಯ ಸುದ್ದಿ ಮೊದಲು ಬಂದದ್ದೇ 24ನೇ ತಾರೀಖಿನ ಪತ್ರದಲ್ಲಿ, ಬಿಲ್ ಆಗಿ ಮೂರು ವಾರದ ಮೇಲೆ. ಅದಕ್ಕೇ ಮುಂದಿನ ಆರ್ಡರ್‌ನಲ್ಲಿ ‘ಎಣಿಕೆಯ ತಕರಾರನ್ನು ಸರಕು ಇಳಿದ ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಬೇಕು’ ಎಂಬ ಸಾಲು ಹಾಕಿಸಿಕೊಳ್ಳಿ. ಆ ಸಂಖ್ಯೆ ನಿಮ್ಮ ಸಾಗಣೆ ಕರಾರಿನ ಅವಧಿಗಿಂತ ಕಡಿಮೆ ಇರಲಿ.

2044: ದರ ಒಂದೇ ಬಿಲ್‌ನಲ್ಲಿ ತಪ್ಪಲು ಕಾರಣ

4,320ನ್ನು 360 ನಗದಿಂದ ಭಾಗಿಸಿದರೆ ನಗಕ್ಕೆ 12. ಅವರ ಪ್ರಕಾರ ದರ 228. ಇಲ್ಲಿ ನಾನು ಮೊದಲು ನೋಡುವುದು ಬೇರೆ ಬಿಲ್‌ಗಳನ್ನು. ಅದೇ ಭಾಗ 2041ರಲ್ಲೂ ಇದೆ, 2052ರಲ್ಲೂ ಇದೆ, ಎರಡಕ್ಕೂ 240ರ ದರವನ್ನು ಅವರು ಮಾತಿಲ್ಲದೆ ಒಪ್ಪಿ ಕೊಟ್ಟಿದ್ದಾರೆ. ದರ 228 ಎಂದೇ ಅವರ ನಂಬಿಕೆಯಾಗಿದ್ದರೆ ಮೂರರಲ್ಲೂ ಕಡಿಯಬೇಕಿತ್ತು. ಒಂದರಲ್ಲಿ ಮಾತ್ರ ಕಡಿದಿದ್ದಾರೆ ಅಂದರೆ 2044 ತಾಳೆಯಾದ ಪರ್ಚೇಸ್ ಆರ್ಡರ್ ಬೇರೆ. ಹೆಚ್ಚಾಗಿ ಅದು ದರ ಪರಿಷ್ಕರಣೆಗೆ ಮೊದಲಿನ ಹಳೆಯ ಆರ್ಡರ್ ಆಗಿದ್ದು, ಅದರಲ್ಲಿ ಕನಿಷ್ಠ 360 ನಗ ಇನ್ನೂ ಬಾಕಿ ಉಳಿದಿತ್ತು.

ಹೀಗಿದ್ದರೆ ಯಾರು ಸರಿ ಎಂಬುದು ಆ ಆರ್ಡರ್‌ನ ಮೇಲೆ ನಿಲ್ಲುತ್ತದೆ. ನಿಮ್ಮ ಬಿಲ್‌ನಲ್ಲಿ ನೀವೇ ಹಳೆಯ ಆರ್ಡರ್ ಸಂಖ್ಯೆ ನಮೂದಿಸಿದ್ದೀರಾ ನೋಡಿ. ನಮೂದಿಸಿದ್ದರೆ, ಮತ್ತು ಹೊಸ ದರ ಹೊಸ ಆರ್ಡರ್‌ಗಳಿಗೆ ಮಾತ್ರ ಎಂದು ಒಪ್ಪಂದವಾಗಿದ್ದರೆ, ಕಡಿತ ಸರಿ. ನೀವು 4,320ಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಮುಗಿಸಬೇಕು. ಹೊಸ ದರ ಇಂತಿಂಥ ತಾರೀಖಿನ ನಂತರ ಕಳಿಸುವ ಎಲ್ಲ ಸರಕಿಗೂ ಎಂದು ಬರಹದಲ್ಲಿ ಇದ್ದರೆ ಕಡಿತ ತಪ್ಪು, ಆ ಪತ್ರವನ್ನು ಖರೀದಿ ವಿಭಾಗಕ್ಕೆ ಕಳಿಸಿ. ಹಣ ವಾಪಸು ಕೇಳುವುದರ ಜೊತೆಗೆ ಆ ಹಳೆಯ ಆರ್ಡರ್‌ನ ದರವನ್ನು ಅವರ ತಂತ್ರಾಂಶದಲ್ಲಿ ತಿದ್ದಿಸಿ, ಇಲ್ಲವೇ ಉಳಿದ ನಗಗಳನ್ನು ಮುಚ್ಚಿಸಿ. ಅದು ತಿದ್ದದ ತನಕ ಆ ಆರ್ಡರ್ ಮೇಲೆ ಹೋಗುವ ಪ್ರತಿ ಬಿಲ್‌ಗೂ ನಗಕ್ಕೆ 12 ಕಡಿತವಾಗುತ್ತಲೇ ಇರುತ್ತದೆ, ನೀವು ಪ್ರತಿ ತಿಂಗಳು ಅದೇ ಪತ್ರ ಬರೆಯುತ್ತಲೇ ಇರುತ್ತೀರಿ.

ಎರಡು ರಿಯಾಯಿತಿ, ಒಂದು ತಕರಾರು

2052ರ ಬಿಲ್ 21ರದು, ಹಣ 27ಕ್ಕೆ ಬಂತು. ಆರು ದಿನ. 64,800ರ 2% ಅಂದರೆ 1,296 ಸರಿಯಾಗಿದೆ, ಒಪ್ಪಿಬಿಡಿ.

2047ರದು ನೋಡಿ. ಬಿಲ್ 14ರದು, ಪತ್ರ 24ರದು, ಸರಿಯಾಗಿ ಹತ್ತನೇ ದಿನ. ಆದರೆ ಹಣ ನಿಮ್ಮ ಖಾತೆಗೆ ಬಿದ್ದದ್ದು 27ಕ್ಕೆ, ಹದಿಮೂರನೇ ದಿನ. ‘10 ದಿನದೊಳಗೆ ಕೊಟ್ಟರೆ’ ಎಂಬ ಮಾತನ್ನು ಅವರು ‘ಕಳಿಸಿದರೆ’ ಎಂದು ಓದಿದ್ದಾರೆ, ನೀವು ‘ತಲುಪಿದರೆ’ ಎಂದು ಓದುತ್ತೀರಿ. ನಿಮ್ಮ ಕರಾರಿನಲ್ಲಿ ಎಣಿಕೆ ಬಿಲ್ ತಾರೀಖಿನಿಂದ ಶುರು ಎಂಬುದು ಸ್ಪಷ್ಟವಿದೆ. ಕೆಲವು ಕರಾರುಗಳಲ್ಲಿ ಬಿಲ್ ಕೈಸೇರಿದ ದಿನದಿಂದ ಎಂದಿರುತ್ತದೆ, ಆಗ ಇಡೀ ಲೆಕ್ಕ ಬದಲಾಗುತ್ತದೆ. ನಿಮ್ಮಲ್ಲಿ ಅಸ್ಪಷ್ಟವಿರುವುದು ಎಣಿಕೆ ಎಲ್ಲಿ ಮುಗಿಯುತ್ತದೆ ಎಂಬುದು. ಕರಾರಿನ ಮಾತು ತೆಗೆದು ಓದಿ. ‘ಖಾತೆಗೆ ಜಮಾ ಆಗಬೇಕು’ ಎಂದಿದ್ದರೆ 3,060 ನಿಮ್ಮದು, ಕೇಳಿ. ಏನೂ ಇಲ್ಲದಿದ್ದರೆ ನನ್ನ ಸಲಹೆ ಇದು: ಈ ಸಲ ಬಿಟ್ಟುಕೊಡಿ, ಆದರೆ ಬಾಯಿ ಮುಚ್ಚಿಕೊಂಡು ಬಿಡಬೇಡಿ. ‘ಈ ಬಾರಿಗೆ ಮಾತ್ರ ಒಪ್ಪಿದ್ದೇವೆ, ಇನ್ನು ಮುಂದೆ ಹಣ ಜಮಾ ಆದ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ’ ಎಂದು ಬರೆಯಿರಿ. ಸುಮ್ಮನಿದ್ದರೆ ಅದೇ ರೂಢಿಯಾಗುತ್ತದೆ, ಆಮೇಲೆ ಹದಿಮೂರು ದಿನ ಹದಿನೆಂಟಾಗುತ್ತದೆ.

ಖರೀದಿದಾರರು ಈ 2%ನ ಬೆನ್ನು ಬೀಳುವುದಕ್ಕೆ ಕಾರಣವಿದೆ. ಇಪ್ಪತ್ತು ದಿನ ಮೊದಲು 98 ಕೊಟ್ಟು 2 ಉಳಿಸುವುದು ಅಂದರೆ ವರ್ಷದ ಲೆಕ್ಕದಲ್ಲಿ ಸುಮಾರು 37% ಬಡ್ಡಿ ಗಳಿಸಿದಂತೆ. ಇನ್ನೊಂದು ಕಡೆಯಿಂದ ನೋಡಿದರೆ ಅಷ್ಟು ಬಡ್ಡಿಯನ್ನು ಕೊಡುತ್ತಿರುವವರು ನೀವು. ಬ್ಯಾಂಕಿನ ಸಾಲ ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದರೆ ಈ ಕರಾರನ್ನೇ ಮರುವಿಚಾರ ಮಾಡಬಹುದು. ಅದು ಬೇರೆ ಮಾತು, ಬಿಡಿ.

ಸಿಎನ್-77, ಡಿಎನ್-318: ಒಂದೇ ವಾಪಸಾತಿಗೆ ಎರಡು ಕಡಿತ

ಇಡೀ ಪತ್ರದಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಎರಡು ಸಾಲು ಇವು. ಎರಡರಲ್ಲೂ 9,000 ಎಂದಿರುವುದು ಕಾಕತಾಳೀಯ ಇರಲೂಬಹುದು, ಆದರೆ ಹಾಗೆಂದು ಭಾವಿಸಿ ಬಿಡಬೇಡಿ.

ಇದು ಹುಟ್ಟುವ ಬಗೆ ಹೀಗೆ. ನಿಮ್ಮ ಹಿಂದಿನ ಸರಕಿನಲ್ಲಿ ಕೆಲವು ನಗ ಅವರ ತಪಾಸಣೆಯಲ್ಲಿ ತಿರಸ್ಕೃತವಾಗಿ ವಾಪಸು ಬಂದವು. ವಾಪಸು ಕಳಿಸುವಾಗಲೇ ಅವರ ತಂತ್ರಾಂಶ ಒಂದು ಡೆಬಿಟ್ ನೋಟ್ ಹುಟ್ಟಿಸಿತು, ಅದು ಡಿಎನ್-318. ಇತ್ತ ಸರಕು ನಿಮ್ಮ ಬಾಗಿಲಿಗೆ ಬಂದಾಗ ನೀವು ಪ್ರಾಮಾಣಿಕವಾಗಿ ಸಿಎನ್-77 ಕ್ರೆಡಿಟ್ ನೋಟ್ ಬರೆದು ಕಳಿಸಿದಿರಿ. ಅದು ಅವರ ಪಾವತಿ ವಿಭಾಗ ತಲುಪಿದಾಗ, ಅಲ್ಲಿದ್ದವರು ಇದು ಡಿಎನ್-318ಕ್ಕೆ ಉತ್ತರ ಎಂದು ಗುರುತಿಸದೆ ಹೊಸ ದಾಖಲೆಯೆಂದು ಏರಿಸಿದರು. ಸಂಖ್ಯೆಗಳು ಬೇರೆ ಬೇರೆಯಾದ್ದರಿಂದ ತಂತ್ರಾಂಶವೂ ತಡೆಯಲಿಲ್ಲ. ಪಾವತಿಯ ದಿನ ಎರಡೂ ಕಡಿತವಾದವು. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ, ಆದರೆ ನೀವು ಹಿಡಿಯದಿದ್ದರೆ ಯಾರೂ ಹಿಡಿಯುವುದಿಲ್ಲ.

ಹಿಡಿಯುವುದು ಹೇಗೆ? ಮೊತ್ತವನ್ನು ನೋಡಿ ಹುಡುಕಿದರೆ ಅರ್ಧ ಪ್ರಕರಣ ತಪ್ಪಿಹೋಗುತ್ತವೆ. ನಿಮ್ಮ ಕ್ರೆಡಿಟ್ ನೋಟಿನಲ್ಲಿ ತೆರಿಗೆ ಸೇರಿದ್ದು ಅವರ ಡೆಬಿಟ್ ನೋಟಿನಲ್ಲಿ ಸೇರಿರದಿದ್ದರೆ ಮೊತ್ತಗಳು ಬೇರೆಯಾಗುತ್ತವೆ. ವಾಪಸಾತಿ ಚಲನ್ ಸಂಖ್ಯೆ, ನಗ, ಭಾಗದ ಸಂಖ್ಯೆ ಹಿಡಿದು ಹುಡುಕಿ. ಡಿಎನ್-318ರ ಪ್ರತಿ ತರಿಸಿ. ಅದರಲ್ಲಿ ಉಲ್ಲೇಖಿಸಿದ ವಾಪಸಾತಿ ಚಲನ್ ಮತ್ತು ನಿಮ್ಮ ಸಿಎನ್-77ರಲ್ಲಿ ಉಲ್ಲೇಖಿಸಿದ ಚಲನ್ ಒಂದೇ ಆಗಿದ್ದರೆ ಎರಡೂ ಒಂದೇ ಘಟನೆ. ಚಲನ್‌ಗಳು ಬೇರೆ ಎಂದಾದರೆ ಎರಡನೇ ವಾಪಸಾತಿಯ ಸರಕು ನಿಮ್ಮ ಕೈಸೇರಿದೆಯೇ ಎಂದು ನಿಮ್ಮ ಉಗ್ರಾಣದ ಪುಸ್ತಕ ನೋಡಿ.

ಒಂದೇ ಎಂದು ಗೊತ್ತಾದ ಮೇಲೆ ಒಂದನ್ನು ಒಪ್ಪಿ, ಇನ್ನೊಂದನ್ನು ರದ್ದು ಮಾಡಿಸಿ. ಒಪ್ಪುವುದು ಸಿಎನ್-77 ಆಗಿರಲಿ, ಅದು ಈಗಾಗಲೇ ನಿಮ್ಮ ಪುಸ್ತಕದಲ್ಲಿದೆ. ಡಿಎನ್-318ಕ್ಕೆ ನೀವು ಇನ್ನೊಂದು ಕ್ರೆಡಿಟ್ ನೋಟ್ ಬರೆಯಬೇಡಿ. ಲೆಕ್ಕ ಹೊಂದಲಿ ಎಂದು ಹಾಗೆ ಬರೆಯುವವರಿದ್ದಾರೆ, ಆ ಕಾಗದ ಹೊರಟ ಗಳಿಗೆಯಲ್ಲೇ 9,000 ಬಿಟ್ಟುಕೊಟ್ಟಂತಾಗುತ್ತದೆ.

ತೆರಿಗೆ

4,242 ಕಳೆದುಹೋದ ಹಣವಲ್ಲ, ನಿಮ್ಮ ಹೆಸರಿನಲ್ಲಿ ತೆರಿಗೆ ಇಲಾಖೆಗೆ ಹೋದ ಹಣ. ಅದನ್ನು ಖರ್ಚೆಂದು ಬರೆಯದೆ ಇಲಾಖೆಯಿಂದ ಬರಬೇಕಾದ ಬಾಕಿಯೆಂದು ಬರೆಯಿರಿ, ಕಡಿತದ ಪ್ರಮಾಣಪತ್ರ ಕೈಸೇರುವ ತನಕ ಆ ಸಾಲನ್ನು ಮುಚ್ಚಬೇಡಿ. ಒಂದು ವಿವರ ನೋಡಿಕೊಳ್ಳಿ: ಅವರು 1% ಲೆಕ್ಕ ಹಾಕಿರುವುದು ಪೂರ್ತಿ 4,24,200ರ ಮೇಲೆ, ಅಂದರೆ ಇನ್ನೂ ಕೊಡದ ತಕರಾರಿನ ಮೊತ್ತಕ್ಕೂ ತೆರಿಗೆ ಈಗಲೇ ಹಿಡಿದಾಗಿದೆ. ನಾಳೆ 4,320 ಅಥವಾ 4,800 ವಾಪಸು ಕೊಡುವಾಗ ಅದರಲ್ಲಿ ಮತ್ತೆ 1% ಹಿಡಿದರೆ ಅದು ಎರಡನೇ ಸಲದ ಕಡಿತ.

ಪುಸ್ತಕದಲ್ಲಿ ಬರೆಯುವುದು

ನಾಲ್ಕೂ ಬಿಲ್‌ಗಳನ್ನು ಪೂರ್ತಿ 4,24,200ಕ್ಕೆ ಮುಚ್ಚಿ. ಅದನ್ನು ತುಂಬುವ ಮೊತ್ತಗಳು ಇವು: ಬ್ಯಾಂಕಿಗೆ ಬಂದದ್ದು 3,88,232, ಬ್ಯಾಂಕ್ ಶುಲ್ಕ 250, ಒಪ್ಪಿದ ರಿಯಾಯಿತಿ 1,296, ತೆರಿಗೆ ಬಾಕಿ 4,242, ಮೊದಲೇ ಜಮಾ ಇದ್ದ ಸಿಎನ್-77ರ 9,000. ಇಷ್ಟು ಸೇರಿದರೆ 4,03,020. ಉಳಿದ 21,180 ನಾಲ್ಕು ಬೇರೆ ಬೇರೆ ಸಾಲುಗಳಾಗಿ ಅದೇ ಖರೀದಿದಾರರ ಖಾತೆಯಲ್ಲಿ ‘ತಕರಾರಿನ ಕಡಿತ’ ಎಂಬ ಹೆಸರಿನಲ್ಲಿ ತೆರೆದಿರಲಿ: ಎಣಿಕೆ 4,800, ದರ 4,320, ತಡವಾದ ರಿಯಾಯಿತಿ 3,060, ಎರಡು ಸಲದ ವಾಪಸಾತಿ 9,000. ಪ್ರತಿ ಸಾಲಿಗೂ ಮೂಲ ದಾಖಲೆಯ ಸಂಖ್ಯೆ, ಕಾರಣ, ಮೂಲ ಗಡುವಿನ ತಾರೀಖು ಇರಲಿ. ಗಡುವನ್ನು ಇವತ್ತಿನ ತಾರೀಖಿಗೆ ಬದಲಿಸಿದರೆ ಎರಡು ತಿಂಗಳ ಹಳೆಯ ತಕರಾರು ನಿಮ್ಮ ಬಾಕಿ ಪಟ್ಟಿಯಲ್ಲಿ ಹೊಸದರಂತೆ ಕಾಣುತ್ತದೆ.

ಬಿಲ್‌ಗಳನ್ನೇ ಅರೆಬರೆ ತೆರೆದಿಟ್ಟು ಉಳಿಕೆ ತೋರಿಸುವುದೂ ಒಂದು ವಿಧಾನ, ಹಲವು ತಂತ್ರಾಂಶಗಳು ಅದಕ್ಕೆ ಅವಕಾಶ ಕೊಡುತ್ತವೆ. ಒಂದು ಬಿಲ್‌ಗೆ ಒಂದೇ ಕಡಿತ ಇರುವ ತನಕ ಅದು ನಡೆಯುತ್ತದೆ. ಒಂದೇ ಬಿಲ್‌ನಲ್ಲಿ ಎಣಿಕೆಯೂ ದರವೂ ಸೇರಿ ಕಡಿತವಾದರೆ ಉಳಿಕೆಯ ಒಂದು ಅಂಕಿಯಲ್ಲಿ ಎರಡು ಕಾರಣ ಕಲಸುತ್ತವೆ. ಅಲ್ಲದೆ ಡಿಎನ್-318 ಈ ನಾಲ್ಕು ಬಿಲ್‌ಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಅದನ್ನು ಯಾವ ಬಿಲ್‌ನ ಉಳಿಕೆಯಾಗಿ ತೋರಿಸುತ್ತೀರಿ?

ಉತ್ತರ ಬರೆಯುವಾಗ

ಕಡಿತಗಳಿಗೆ ತಕರಾರು ಎತ್ತಲು ಕರಾರಿನಲ್ಲಿ ಗಡುವು ಇದೆಯೇ ಎಂದು ಇವತ್ತೇ ನೋಡಿ. ದೊಡ್ಡ ಖರೀದಿದಾರರ ಷರತ್ತುಗಳಲ್ಲಿ ‘ಇಷ್ಟು ದಿನದೊಳಗೆ ಆಕ್ಷೇಪಿಸದಿದ್ದರೆ ಒಪ್ಪಿದಂತೆ’ ಎಂಬ ಸಾಲು ಇರುವುದುಂಟು. ಪತ್ರದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಮಾತಿದ್ದರೂ ಎಚ್ಚರ. ಕೆಲವು ಕಾನೂನುಗಳಲ್ಲಿ ತಕರಾರಿರುವ ಬಾಕಿಗೆ ಹಾಗೆ ಹೇಳಿ ಕೊಟ್ಟ ಹಣವನ್ನು ಮರುಮಾತಿಲ್ಲದೆ ಇಟ್ಟುಕೊಂಡರೆ ಉಳಿದದ್ದನ್ನು ಬಿಟ್ಟಂತೆ ಅರ್ಥವಾಗಬಹುದು. ಅಂಥ ಮಾತಿದ್ದರೆ ವಕೀಲರಿಗೆ ತೋರಿಸಿ.

ಪತ್ರ ಚಿಕ್ಕದಿರಲಿ, ಒಂದು ಕಡಿತಕ್ಕೆ ಒಂದು ಪ್ಯಾರಾ ಸಾಕು:

‘ನಿಮ್ಮ 24ನೇ ತಾರೀಖಿನ ರೆಮಿಟೆನ್ಸ್ ಅಡ್ವೈಸ್‌ನಂತೆ 3,88,482ರ ಪಾವತಿಯನ್ನು ತಾವು ಸೂಚಿಸಿದ ಬಿಲ್‌ಗಳಿಗೆ ಜಮಾ ಮಾಡಿದ್ದೇವೆ. ಬಿಲ್ 2052ರ ರಿಯಾಯಿತಿ, ಸಿಎನ್-77 ಮತ್ತು ತೆರಿಗೆ ಕಡಿತಕ್ಕೆ ನಮ್ಮ ಒಪ್ಪಿಗೆ ಇದೆ. ಕೆಳಗಿನವನ್ನು ಒಪ್ಪಿಲ್ಲ.

ಡಿಎನ್-318, 9,000: ಇದೇ ವಾಪಸಾತಿ ಚಲನ್‌ಗೆ ಸಿಎನ್-77 ಮೂಲಕ ಈಗಾಗಲೇ ಕಡಿತವಾಗಿದೆ. ಎರಡರ ಪ್ರತಿ ಲಗತ್ತಿಸಿದೆ. ಡಿಎನ್-318 ರದ್ದು ಮಾಡಿ 9,000 ಪಾವತಿಸಿ.

ಬಿಲ್ 2041, 4,800: 500 ನಗ ಸ್ವೀಕರಿಸಿದ ಸಹಿಯ ಡೆಲಿವರಿ ಚಲನ್ ಲಗತ್ತಿಸಿದೆ. 20 ನಗ ಕಡಿಮೆ ಎಂಬುದಕ್ಕೆ ಜಿಆರ್‌ಎನ್ ಪ್ರತಿ ಕಳಿಸಿ.’

ಉಳಿದೆರಡನ್ನೂ ಇದೇ ರೀತಿ ಬರೆಯಿರಿ. ಒಪ್ಪಿದ್ದನ್ನು ಮೊದಲೇ ಹೇಳಿದರೆ ಓದುವವರಿಗೆ ಇದು ಒಟ್ಟಾರೆ ಜಗಳವಲ್ಲ, ನಾಲ್ಕು ನಿರ್ದಿಷ್ಟ ಪ್ರಶ್ನೆ ಎಂದು ಗೊತ್ತಾಗುತ್ತದೆ. ಎಣಿಕೆಯ ಪ್ಯಾರಾವನ್ನು ಅವರ ಉಗ್ರಾಣಕ್ಕೂ ದರದ ಪ್ಯಾರಾವನ್ನು ಖರೀದಿ ವಿಭಾಗಕ್ಕೂ ಬೇರೆಯಾಗಿ ಕಳಿಸಿ, ಪಾವತಿ ವಿಭಾಗಕ್ಕೆ ಇಡೀ ಪತ್ರದ ಪ್ರತಿ ಹೋಗಲಿ. 9,000ವನ್ನು ಮೊದಲು ಹಿಡಿಯಿರಿ. ಮೊತ್ತ ದೊಡ್ಡದು, ಸಾಕ್ಷಿ ಎರಡೇ ಕಾಗದ, ತೀರ್ಮಾನಕ್ಕೆ ಯಾರ ಅಭಿಪ್ರಾಯವೂ ಬೇಕಿಲ್ಲ. ಮುಂದಿನ ಅಡ್ವೈಸ್ ಬಂದಾಗ ಅದರಲ್ಲಿ ಡಿಎನ್-318ರ ಮೊತ್ತ ಕೂಡಿಕೆಯಾಗಿ ವಾಪಸು ಕಾಣಬೇಕು. ಹಾಗೆ ಬಂದ ಹಣವನ್ನೂ ಹೊಸ ಬಿಲ್‌ಗೆ ಸೇರಿಸದೆ, ತೆರೆದಿಟ್ಟ ಆ ಸಾಲಿಗೇ ಜಮಾ ಮಾಡಿ ಮುಚ್ಚಿ.